ಮೂರು ಕಡೆಯಿಂದ ಕೆಲಸ ಬಂದಾಗ "ಆಗಲ್ಲ" ಅನ್ನೋದು ಹೇಗೆ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶದ ಔಷಧಿಯ ಮೂಲ ವಸ್ತು ಮಾಡುವ ಒಂದು ಬಲ್ಕ್ ಡ್ರಗ್ ಕಾರ್ಖಾನೆಯಲ್ಲಿ ಕ್ಯೂಎ, ಅಂದರೆ ಗುಣಮಟ್ಟ ಖಾತ್ರಿ ವಿಭಾಗದ ಎಕ್ಸಿಕ್ಯೂಟಿವ್. ದಿನದ ಕೆಲಸ ಹೇಳೋದು ಇಲ್ಲಿನ ಕ್ಯೂಎ ಮ್ಯಾನೇಜರ್ ಸರ್. ಹೈದರಾಬಾದಿನ ಕಾರ್ಪೊರೇಟ್ ಕ್ವಾಲಿಟಿ ಮೇಡಂಗೂ ರಿಪೋರ್ಟ್ ಮಾಡಬೇಕು. ಹೊಸ ಪ್ರಾಡಕ್ಟ್ ಬಂದ ಮೇಲೆ ಅದರ ಪ್ರಾಜೆಕ್ಟ್ ಮ್ಯಾನೇಜರ್ ಕೂಡ ಕೆಲಸ ಕೊಡುತ್ತಾರೆ. ಮೂವರೂ "ನನ್ನದು ಮೊದಲು" ಅಂತಾರೆ. ಈಗ ಮೇಡಂ ಫೋನ್ ಮಾಡಿ, ಇನ್ನೊಂದು ಯೂನಿಟ್‌ನಲ್ಲಿ ಒಬ್ಬರು ಬಿಟ್ಟು ಹೋಗಿದ್ದಾರೆ, ಅಲ್ಲಿನ ಎರಡು ಪ್ರಾಡಕ್ಟಿನ ವಾರ್ಷಿಕ ಕ್ವಾಲಿಟಿ ರಿವ್ಯೂ ನೀನೇ ಮಾಡಿಕೊಡು ಅಂದಿದ್ದಾರೆ. ಆಗಲ್ಲ ಅಂದರೆ ಬೇಜಾರು ಮಾಡ್ಕೋತಾರೆ. ಆಯ್ತು ಅಂದರೆ ಇಲ್ಲಿ ಸರ್ ಬೈತಾರೆ. ಮರ್ಯಾದೆಯಿಂದ ಹೇಗೆ ಹೇಳಲಿ?

ಉತ್ತರ: ನೇರ ಉತ್ತರ ಮೊದಲು ಹೇಳಿಬಿಡುತ್ತೇನೆ. ಮೇಡಂಗೆ ನೀವೊಬ್ಬರೇ "ಆಗಲ್ಲ" ಅನ್ನಬೇಡಿ. "ಆಯ್ತು" ಅಂತಲೂ ಅನ್ನಬೇಡಿ. ಮೂವರ ಕೆಲಸದಲ್ಲಿ ಯಾವುದು ಮೊದಲು ಅಂತ ತೀರ್ಮಾನ ಮಾಡುವ ಅಧಿಕಾರ ನಿಮಗೆ ಯಾರೂ ಕೊಟ್ಟಿಲ್ಲ. ಅದನ್ನು ಅವರೇ ಮಾಡಬೇಕು. ಕೈಯಲ್ಲಿ ಏನಿದೆ, ಎಷ್ಟು ಗಂಟೆ ಇದೆ, ಹೊಸದು ಸೇರಿದರೆ ಯಾವುದು ಹಿಂದೆ ಬೀಳುತ್ತದೆ ಅನ್ನೋದನ್ನು ಮೂವರಿಗೂ ಒಂದೇ ಮೇಲ್‌ನಲ್ಲಿ ತೋರಿಸೋದು ನಿಮ್ಮ ಕೆಲಸ. ಜೊತೆಗೆ "ನನ್ನ ಸಲಹೆ ಇದು" ಅಂತ ಒಂದು ದಾರಿಯನ್ನೂ ಇಡಬೇಕು. ಹಾಗೆ ಮಾಡಿದಾಗ ನೀವು ಮನುಷ್ಯರಿಗೆ ಇಲ್ಲ ಅನ್ನುತ್ತಿಲ್ಲ, ಒಂದು ತಾರೀಖಿಗೆ ಇಲ್ಲ ಅನ್ನುತ್ತೀರಿ. ತಾರೀಖಿಗೆ ಇಲ್ಲ ಅಂದರೆ ಯಾರೂ ಅಷ್ಟಾಗಿ ಬೇಜಾರು ಮಾಡಿಕೊಳ್ಳುವುದಿಲ್ಲ.

ನಿಮ್ಮ ಮೂವರೂ ಕೆಟ್ಟವರಲ್ಲ ಅಂತ ಮೊದಲೇ ಹೇಳಬೇಕು. ಒಬ್ಬ ನೌಕರನಿಗೆ ಒಬ್ಬನೇ ಅಧಿಕಾರಿ ಇರಬೇಕು ಅಂತ ಫ್ರಾನ್ಸಿನ ಆಂರಿ ಫಯೋಲ್ 1916ರಲ್ಲೇ ಬರೆದಿದ್ದರು. ಆದರೆ 1960ರ ದಶಕದಲ್ಲಿ ಅಮೆರಿಕದ ವಿಮಾನ, ರಾಕೆಟ್ ಕಂಪನಿಗಳಿಗೆ ಅದು ಸಾಲಲಿಲ್ಲ. ಪರಿಣತರು ತಮ್ಮ ವಿಭಾಗದಲ್ಲೂ ಇರಬೇಕು, ಪ್ರಾಜೆಕ್ಟಿಗೂ ದುಡಿಯಬೇಕು ಅಂತಾಯಿತು. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಬಾಸ್ ಇರುವ ಮ್ಯಾಟ್ರಿಕ್ಸ್ ಪದ್ಧತಿ ಚಾಲ್ತಿಗೆ ಬಂದಿದ್ದು ಹಾಗೆ. ಇದರಲ್ಲಿ ಬಾಸ್‌ಗಳ ನಡುವೆ ಜಗ್ಗಾಟ ಇರೋದು ಸಹಜ. ಅದು ಮೇಲಿನ ಮಟ್ಟದಲ್ಲೇ ಬಗೆಹರಿಯಬೇಕು. ತೊಂದರೆ ಶುರುವಾಗೋದು ಅದು ಕೆಳಗೆ ಇಳಿದು, ನಿಮ್ಮ ಟೇಬಲ್ ಮೇಲೆ ಕೂತಾಗ. ಸರ್‌ಗೆ ಮೇಡಂ ಕೊಟ್ಟ ಕೆಲಸ ಕಾಣಲ್ಲ. ಮೇಡಂಗೆ ಪ್ರಾಜೆಕ್ಟ್ ಕೆಲಸ ಕಾಣಲ್ಲ. ಪ್ರಾಜೆಕ್ಟ್ ಮ್ಯಾನೇಜರ್‌ಗೆ ಇಬ್ಬರದ್ದೂ ಕಾಣಲ್ಲ. ಮೂರೂ ಒಟ್ಟಿಗೆ ಕಾಣೋದು ನಿಮಗೆ ಮಾತ್ರ. ನೀವು ಸುಮ್ನಿದ್ದರೆ ಯಾರಿಗೂ ಗೊತ್ತಾಗೋದೇ ಇಲ್ಲ.

ಮೂವರಲ್ಲಿ ನಿಮ್ಮ ಸಮಯದ ಯಜಮಾನರು ಯಾರು ಅನ್ನೋದು ಕೂಡ ತಿಳಿದಿರಬೇಕು. ಕಂಪನಿ ಚಾರ್ಟ್‌ನಲ್ಲಿ ಒಬ್ಬರಿಗೆ ಗಟ್ಟಿ ಗೆರೆ ಇರುತ್ತದೆ, ಉಳಿದವರಿಗೆ ಚುಕ್ಕಿ ಗೆರೆ. ಚಾರ್ಟ್ ಸಿಗದಿದ್ದರೆ ಎರಡು ವಿಷಯ ನೋಡಿ: ನಿಮ್ಮ ರಜೆ ಯಾರು ಮಂಜೂರು ಮಾಡುತ್ತಾರೆ, ನಿಮ್ಮ ಅಪ್ರೈಸಲ್ ಮೊದಲು ಯಾರು ಬರೆಯುತ್ತಾರೆ. ನೀವು ಬರೆದಿದ್ದು ನೋಡಿದರೆ ಅದು ಇಲ್ಲಿನ ಮ್ಯಾನೇಜರ್ ಸರ್ ಇರಬೇಕು. ಚುಕ್ಕಿ ಗೆರೆಯವರು ಕೆಲಸ ಕೇಳಬಹುದು, ಕೆಲಸ ಹೇಗಿರಬೇಕು ಅಂತ ಹೇಳಬಹುದು. ಆದರೆ ನಿಮ್ಮ ವಾರದ ಗಂಟೆಗಳನ್ನು ಹಂಚೋದು ಸಾಮಾನ್ಯವಾಗಿ ಗಟ್ಟಿ ಗೆರೆಯವರ ಕೈಯಲ್ಲಿ ಇರುತ್ತದೆ. ಮೇಡಂ ಹುದ್ದೆಯಲ್ಲಿ ದೊಡ್ಡವರು, ಸರಿ. ಆದರೂ ಸರ್ ಕಡೆಯಿಂದ ಹೋಗೋದೇ ಸರಿಯಾದ ದಾರಿ.

ಇನ್ನು ಲೆಕ್ಕಕ್ಕೆ ಬರೋಣ. ಬಹಳ ಜನ ಇಲ್ಲೇ ಸೋಲುತ್ತಾರೆ. "ತುಂಬಾ ಕೆಲಸ ಇದೆ ಸರ್" ಅಂತಾರೆ. ಆ ಮಾತಿಗೆ ಬಾಸ್ ಹತ್ತಿರ ಸಿದ್ಧ ಉತ್ತರ ಇದೆ: "ನನಗೂ ಇದೆಯಪ್ಪಾ." ಅಲ್ಲಿಗೆ ಮಾತು ಮುಗೀತು. ಗಂಟೆ ಹೇಳಿದರೆ ಮಾತು ಮುಂದೆ ಹೋಗುತ್ತದೆ. ನಿಮ್ಮ ಪತ್ರದಲ್ಲಿ ಗಂಟೆಗಳು ಇಲ್ಲದ ಕಾರಣ, ನಿಮ್ಮಂಥ ಹುದ್ದೆಗೆ ಒಪ್ಪುವ ಅಂದಾಜು ಹಾಕಿ ತೋರಿಸುತ್ತೇನೆ. ನಿಮ್ಮ ಅಂಕಿ ನೀವು ಹಾಕಿಕೊಳ್ಳಿ.

ಇವತ್ತು ಸೋಮವಾರ, 3ನೇ ತಾರೀಖು ಅಂದುಕೊಳ್ಳಿ. ವಾರಕ್ಕೆ 6 ದಿನ, ದಿನಕ್ಕೆ 8 ಗಂಟೆ. ಊಟದ ಅರ್ಧ ಗಂಟೆ ತೆಗೆದರೆ ವಾರಕ್ಕೆ 45. ಬೆಳಗಿನ ಮೀಟಿಂಗ್, ಪ್ಲಾಂಟ್ ರೌಂಡ್, ಫೋನ್, "ಸರ್ ಇದೊಂದು ಸೈನ್" ಅಂತ ಬರುವವರು, ಇವಕ್ಕೆ ದಿನಕ್ಕೆ ಒಂದೂವರೆ ಗಂಟೆ ಹೋಗುತ್ತದೆ. ಉಳಿದದ್ದು 36. ವಾರಕ್ಕೆ 6 ಬ್ಯಾಚ್ ಬಿದ್ದರೆ, ಒಂದೊಂದರ ಬ್ಯಾಚ್ ರೆಕಾರ್ಡ್, ಅಂದರೆ ಅದು ತಯಾರಾದ ದಾಖಲೆ, ನೋಡಲು ಎರಡೂವರೆ ಗಂಟೆಯಂತೆ 15 ಗಂಟೆ. ಉಳಿದದ್ದು 21. ಎರಡು ವಾರಕ್ಕೆ 42.

ಈಗ ತೆರೆದಿರುವ ಎರಡು ಡೀವಿಯೇಷನ್, ಅಂದರೆ ನಿಗದಿತ ವಿಧಾನ ತಪ್ಪಿದ್ದರ ತನಿಖೆ, ಇವೆ ಅಂತಿಟ್ಟುಕೊಳ್ಳಿ. ಅವಕ್ಕೆ ಎರಡು ವಾರದಲ್ಲಿ 10 ಗಂಟೆ. ಉಳಿದದ್ದು 32. ಇದರಲ್ಲಿ 8 ಗಂಟೆ ಖಾಲಿ ಬಿಡಿ. ಕ್ಯೂಎ ಕೆಲಸದಲ್ಲಿ ಎರಡು ವಾರ ಏನೂ ಹೊಸದು ಬರದೇ ಇರೋದು ಸಾಧ್ಯವೇ ಇಲ್ಲ. ರಾತ್ರಿ ಶಿಫ್ಟ್‌ನಲ್ಲಿ ಒಂದು ರಿಯಾಕ್ಟರಿನ ಟೆಂಪರೇಚರ್ ದಾಟಿತು ಅಂದರೆ ಸಾಕು, ಅರ್ಧ ದಿನ ಹೋಯಿತು. ಈ 8 ಗಂಟೆಯನ್ನೂ ಬೇರೆ ಕೆಲಸಕ್ಕೆ ಕೊಟ್ಟುಬಿಟ್ಟವರು ಮೊದಲ ವಾರದಲ್ಲೇ ಮಾತು ತಪ್ಪುತ್ತಾರೆ. ಹಾಗಾಗಿ ನಿಜವಾಗಿ ಕೈಗೆ ಸಿಗೋದು 15ನೇ ತಾರೀಖಿನವರೆಗೆ 24 ಗಂಟೆ.

ಇದರ ಮೇಲೆ ಈಗಾಗಲೇ ಎರಡು ಕೆಲಸ ಕೂತಿವೆ. ಪ್ರಾಜೆಕ್ಟ್ ಮ್ಯಾನೇಜರ್‌ಗೆ ಹೊಸ ಪ್ರಾಡಕ್ಟಿನ ವ್ಯಾಲಿಡೇಷನ್ ಪ್ರೋಟೋಕಾಲ್ ಬೇಕು, ಅಂದರೆ ತಯಾರಿಕೆ ಪ್ರತಿ ಸಲ ಸರಿಯಾಗಿ ಬರುತ್ತದೆ ಅಂತ ಪರೀಕ್ಷಿಸುವ ಯೋಜನೆ. 12 ಗಂಟೆ. ಮೊದಲ ವ್ಯಾಲಿಡೇಷನ್ ಬ್ಯಾಚ್ 18ಕ್ಕೆ. ಮೇಡಂ ಕಡೆಯಿಂದ ಹೊಸ ಡಾಕ್ಯುಮೆಂಟ್ ಸಾಫ್ಟ್‌ವೇರ್‌ಗೆ 40 ಎಸ್‌ಒಪಿ, ಅಂದರೆ ಕೆಲಸದ ಲಿಖಿತ ವಿಧಾನ, ಹಾಕಿ ತಾಳೆ ನೋಡುವ ಕೆಲಸ. ಒಂದಕ್ಕೆ 20 ನಿಮಿಷ ಹಿಡಿದರೂ 13 ಗಂಟೆ ದಾಟುತ್ತದೆ. ಎರಡೂ ಸೇರಿ 25. ಅಂದರೆ ಹೊಸ ಕೆಲಸ ಬರುವ ಮೊದಲೇ ನೀವು ಒಂದು ಗಂಟೆ ಸಾಲದಲ್ಲಿದ್ದೀರಿ. ವಾರ್ಷಿಕ ರಿವ್ಯೂ ಒಂದಕ್ಕೆ 12 ಗಂಟೆಯಂತೆ ಎರಡಕ್ಕೆ 24. ಒಟ್ಟು 49. ಇರೋದು 24. ಈ ಎರಡು ಅಂಕಿಯನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ನಿಮ್ಮನ್ನು ಯಾರೂ ಸೋಮಾರಿ ಅನ್ನೋಕ್ಕಾಗಲ್ಲ.

ಗಂಟೆ ಎಷ್ಟು ಮುಖ್ಯವೋ ತಾರೀಖಿನ ಗುಣವೂ ಅಷ್ಟೇ ಮುಖ್ಯ. ಕೆಲವು ತಾರೀಖು ಹೊರಗಿನಿಂದ ಬಂದಿರುತ್ತವೆ: ನಿಯಮದಿಂದ, ಗ್ರಾಹಕರಿಂದ, ಮುಂದಿನ ಕೆಲಸದ ಸರದಿಯಿಂದ. ಕೆಲವು ಬಾಸ್ ಬಾಯಲ್ಲಿ ಹುಟ್ಟಿರುತ್ತವೆ. ಎರಡೂ ಕೇಳುವಾಗ ಒಂದೇ ಥರ ಕೇಳಿಸುತ್ತವೆ, "ಶುಕ್ರವಾರದೊಳಗೆ ಬೇಕು" ಅಂತ. ಬೇರೆ ಮಾಡೋಕೆ ಒಂದೇ ಪ್ರಶ್ನೆ ಸಾಕು: "ಆ ತಾರೀಖು ದಾಟಿದ ಮರುದಿನ ಏನಾಗುತ್ತದೆ?"

ನಿಮ್ಮ ಕೆಲಸಗಳಿಗೇ ಈ ಪ್ರಶ್ನೆ ಹಾಕಿ ನೋಡೋಣ. ಬ್ಯಾಚ್ ರೆಕಾರ್ಡ್ ನೋಡದಿದ್ದರೆ ಮಾಲು ಬಿಡುಗಡೆ ಆಗಲ್ಲ, ಲಾರಿ ನಿಲ್ಲುತ್ತದೆ. ಬಲ್ಕ್ ಡ್ರಗ್ ತಯಾರಿಕೆಗೆ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಕ್ಯೂ7 ಪ್ರಕಾರ, ಮುಖ್ಯ ಹಂತಗಳ ಬ್ಯಾಚ್ ರೆಕಾರ್ಡನ್ನು ಬಿಡುಗಡೆಗೆ ಮೊದಲು ನೋಡೋದು ಕ್ವಾಲಿಟಿ ವಿಭಾಗದ್ದೇ ಹೊಣೆ. ಅದನ್ನು ಬೇರೆ ವಿಭಾಗಕ್ಕೆ ತಳ್ಳೋಕ್ಕಾಗಲ್ಲ. ಡೀವಿಯೇಷನ್‌ಗೆ ಬಹಳಷ್ಟು ಕಂಪನಿಗಳ ಎಸ್‌ಒಪಿಯಲ್ಲಿ 30 ದಿನದ ಗಡುವು ಇರುತ್ತದೆ. ದಾಟಿದರೆ ಕಾರಣ ಬರೆದು ಒಪ್ಪಿಗೆ ತಗೋಬೇಕು. ಆ ಕಾಗದವನ್ನು ಮುಂದಿನ ಆಡಿಟರ್ ಖಂಡಿತ ತೆಗೆದು ನೋಡುತ್ತಾರೆ. ವ್ಯಾಲಿಡೇಷನ್ ಪ್ರೋಟೋಕಾಲ್ ಮೊದಲು ಒಪ್ಪಿಗೆ ಆಗಬೇಕು, ಆಮೇಲೆ ಬ್ಯಾಚ್ ಹಾಕಬೇಕು. ಬ್ಯಾಚ್ ಹಾಕಿ ಆಮೇಲೆ ಸೈನ್ ಮಾಡೋಕೆ ಬರಲ್ಲ. ಈ ಮೂರೂ ಗಟ್ಟಿ ತಾರೀಖು.

ಸಾಫ್ಟ್‌ವೇರ್ ಕೆಲಸ ಹಾಗಲ್ಲ. ಒಂದು ವಾರ ತಡವಾದರೆ ಹಳೆಯ ಪದ್ಧತಿಯೇ ಇನ್ನೊಂದು ವಾರ ನಡೆಯುತ್ತದೆ, ಅಷ್ಟೇ. ವಾರ್ಷಿಕ ರಿವ್ಯೂ ನಡುವೆ ಬರುತ್ತದೆ. ವರ್ಷಕ್ಕೊಮ್ಮೆ ಮಾಡಿ ದಾಖಲೆ ಇಡಬೇಕು ಅನ್ನೋದು ಕ್ಯೂ7ನಲ್ಲೇ ಇದೆ, ಹಾಗಾಗಿ ಬಿಡೋಕ್ಕಾಗಲ್ಲ. ಆದರೆ ಯಾವ ದಿನದೊಳಗೆ ಅನ್ನೋದು ಆ ಯೂನಿಟ್‌ನ ವೇಳಾಪಟ್ಟಿಯಲ್ಲಿ ಬರೆದಿರುತ್ತದೆ. ಮೇಡಂ "15ಕ್ಕೆ ಬೇಕು" ಅಂದಿದ್ದರೂ ವೇಳಾಪಟ್ಟಿಯಲ್ಲಿ ತಿಂಗಳ ಕೊನೆ ಇರಬಹುದು. ಅವರು ತಮ್ಮ ಸುರಕ್ಷತೆಗೆ ಅಂತ ಎರಡು ವಾರ ಮುಂಚೆ ಕೇಳಿರುತ್ತಾರೆ. ಅದನ್ನು ತಪ್ಪು ಅನ್ನಲ್ಲ. ಆದರೆ ನಿಮಗೆ ಗೊತ್ತಿರಬೇಕು. ಆ ಯೂನಿಟ್‌ನ ಕ್ಯೂಎಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ.

ಅದೇ ಫೋನಿನಲ್ಲಿ ಇನ್ನೊಂದನ್ನೂ ಕೇಳಿ. ವಾರ್ಷಿಕ ರಿವ್ಯೂನಲ್ಲಿ ಹೆಚ್ಚು ಹೊತ್ತು ತಿನ್ನೋದು ಬರವಣಿಗೆ ಅಲ್ಲ, ಮಾಹಿತಿ ಕೂಡಿಸೋದು. ವರ್ಷದ ಬ್ಯಾಚ್ ಪಟ್ಟಿ, ಇಳುವರಿ, ಟೆಸ್ಟ್ ಫಲಿತಾಂಶ, ಫೇಲಾದ ಬ್ಯಾಚ್, ಡೀವಿಯೇಷನ್, ಪ್ರೋಸೆಸ್‌ನಲ್ಲಿ ಆದ ಬದಲಾವಣೆ, ಸ್ಟೆಬಿಲಿಟಿ, ವಾಪಸ್ ಬಂದ ಮಾಲು, ದೂರು. ಇವೆಲ್ಲ ಇರೋದು ಆ ಯೂನಿಟ್‌ನಲ್ಲಿ. ಕಡೇಚೂರಿನಲ್ಲಿ ಕೂತು ಒಂದೊಂದಕ್ಕೂ ಫೋನ್ ಹಾಕಿ ತರಿಸಿಕೊಂಡರೆ 12 ಗಂಟೆ 20 ಆಗುತ್ತದೆ. ಅಲ್ಲಿನವರೇ ಟೇಬಲ್ ತುಂಬಿಸಿ ಕಳಿಸಿದರೆ, ಓದಿ, ಏರಿಳಿತ ನೋಡಿ, ತೀರ್ಮಾನ ಬರೆಯೋಕೆ ನಿಮಗೆ ಒಂದಕ್ಕೆ 3 ಗಂಟೆ ಸಾಕು. ಎರಡಕ್ಕೆ 6. ಅಂದರೆ 24 ಗಂಟೆಗೆ "ಇಲ್ಲ", 6 ಗಂಟೆಗೆ "ಹೌದು". ಮರ್ಯಾದೆ ಉಳಿಯೋದು ಇಂಥ ಕಡೆ. ದನಿ ಎಷ್ಟು ಮೆತ್ತಗಿದ್ದರೂ ಕೈಯಲ್ಲಿ ಏನೂ ಇಲ್ಲದ "ಇಲ್ಲ" ಗಡುಸಾಗಿಯೇ ಕೇಳಿಸುತ್ತದೆ.

ಈಗ ಮಾತಿನ ಸರದಿ. ಮೇಡಂ ಫೋನ್ ಮಾಡಿದ ಹೊತ್ತಿಗೆ ನಿಮ್ಮ ಹತ್ತಿರ ಈ ಲೆಕ್ಕ ಯಾವುದೂ ಇರಲ್ಲ. ನಮ್ಮ ಕಡೆ ದೊಡ್ಡವರು ಫೋನ್ ಮಾಡಿದಾಗ ಬಾಯಿಗೆ ತಾನಾಗಿ ಬರೋದು "ಆಯ್ತ್ರಿ ಮೇಡಂ, ನೋಡ್ತೀನ್ರಿ" ಅಂತ. ನೀವು ಹೇಳಿದ್ದು ಮರ್ಯಾದೆಗೆ. ಅವರು ತಮ್ಮ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ತಾರೀಖು ಬರೆದುಕೊಂಡು ಬಿಡುತ್ತಾರೆ. ಆಮೇಲೆ ಹಿಂದಕ್ಕೆ ಸರಿದರೆ ಅದು ಮಾತು ತಪ್ಪಿದ ಹಾಗೆ. ಆದ್ದರಿಂದ ಫೋನಿನಲ್ಲೇ ಒಂದು ಗಡುವು ಕೇಳಿ: "ಮೇಡಂ, ಕೆಲಸ ಅರ್ಥ ಆಯಿತು. ನನ್ನ ಕೈಯಲ್ಲಿ ಇರೋದನ್ನು ನೋಡಿ, ಸರ್ ಹತ್ತಿರ ಮಾತಾಡಿ, ನಾಳೆ ಮಧ್ಯಾಹ್ನದೊಳಗೆ ಯಾವ ತಾರೀಖಿಗೆ ಎಷ್ಟು ಮಾಡಬಲ್ಲೆ ಅಂತ ಬರೆಯುತ್ತೇನೆ." ಹಿಂದಿಯಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಹೇಳಿ, ಈ ಮೂರು ಅಂಶ ಇರಲಿ: ಅರ್ಥ ಆಯಿತು, ಸರ್ ಹತ್ತಿರ ಮಾತಾಡುತ್ತೇನೆ, ಇಂಥ ಹೊತ್ತಿಗೆ ಉತ್ತರ. ಆ ಹೊತ್ತು ಮಾತ್ರ ದಾಟಿಸಬೇಡಿ. ಉತ್ತರ ತಡವಾದಷ್ಟೂ "ಇಲ್ಲ" ಕಹಿಯಾಗುತ್ತದೆ.

ಆಗಲೇ ಒಪ್ಪಿಕೊಂಡು ಬಿಟ್ಟಿದ್ದೀರಾ? ಪರವಾಗಿಲ್ಲ. ಇವತ್ತೇ ಬರೆದರೆ ತಡ ಆಗಿಲ್ಲ. "ಫೋನಿನಲ್ಲಿ ಒಪ್ಪಿದಾಗ ಲೆಕ್ಕ ಹಾಕಿರಲಿಲ್ಲ, ಈಗ ಹಾಕಿದ್ದೇನೆ" ಅಂತ ಒಂದು ಸಾಲು ಸೇರಿಸಿ.

ಮೇಲ್ ಕಳಿಸುವ ಮೊದಲು ಮ್ಯಾನೇಜರ್ ಸರ್ ಹತ್ತಿರ ಹೋಗಿ. ಈ ಹೆಜ್ಜೆಯನ್ನು ಬಿಡಲೇಬೇಡಿ. ತಮ್ಮ ಹುಡುಗನ ಕೆಲಸದ ಬಗ್ಗೆ ಮೇಲಿನವರಿಗೆ ಹೋದ ಮೇಲ್ ತಮಗೆ ಸಿಸಿಯಲ್ಲಿ ಬಂದು ಗೊತ್ತಾದರೆ ಯಾವ ಮ್ಯಾನೇಜರ್‌ಗೂ ಸಿಟ್ಟು ಬರುತ್ತದೆ. ಅವರಿಗೆ ಹತ್ತು ನಿಮಿಷ ಸಾಕು. ದೂರು ಹೇಳುವ ದನಿ ಬೇಡ. "ಮೇಡಂ ಯಾವಾಗಲೂ ಹಿಂಗೇ ಮಾಡ್ತಾರ್ರಿ" ಅಂತ ಶುರು ಮಾಡಿದರೆ ಅದು ಜಗಳದ ಸುದ್ದಿ ಆಗುತ್ತದೆ, ಕೆಲಸದ ವಿಷಯ ಹಿಂದೆ ಸರಿಯುತ್ತದೆ. ಹೀಗೆ ಶುರು ಮಾಡಿ:

"ಸರ್, ಹೈದರಾಬಾದಿಂದ ಒಂದು ಕೆಲಸ ಬಂದದರಿ. 15ರ ತನಕ ನನ್ನ ಕೈಯಾಗ ಇರೋದು 24 ತಾಸು. ಇರೋ ಕೆಲಸಕ್ಕೇ 25 ಬೇಕು. ಇದು ಸೇರಿದ್ರ 49 ಆಗ್ತದ. ನಿಮ್ಮ ಬ್ಯಾಚು, ಡೀವಿಯೇಷನ್ ಮುಟ್ಟಂಗಿಲ್ರಿ. ಪ್ರೋಟೋಕಾಲ್ ಮುಗಿಸಿ, 18ರ ಮ್ಯಾಲ ಮೇಡಂ ಕೆಲಸದಾಗ 6 ತಾಸಿಂದು ಮಾಡ್ತೀನಿ ಅಂತ ಬರೀಲೇನ್ರಿ?"

ಕೊನೆಯ ಪ್ರಶ್ನೆ ಗಮನಿಸಿ. "ಏನ್ ಮಾಡ್ಲಿ ಸರ್?" ಅಂತ ಕೇಳಿದರೆ ಭಾರ ಅವರ ತಲೆ ಮೇಲೆ ಬೀಳುತ್ತದೆ. ಆಗ ಸುಲಭದ ಉತ್ತರ "ಎಲ್ಲಾ ಮಾಡಪ್ಪಾ" ಅನ್ನೋದೇ. "ಹೀಗೆ ಬರೀಲೇನ್ರಿ?" ಅಂತ ಕೇಳಿದರೆ ಅವರು ಹೌದು ಅಥವಾ ಬೇಡ ಅಂದರೆ ಸಾಕು. ಅವರು ಬದಲಾವಣೆ ಹೇಳಿದರೆ ಹಾಗೇ ತಿದ್ದಿ. ಈಗ ಆ ಸಲಹೆ ನಿಮ್ಮಿಬ್ಬರದ್ದು.

ಆಮೇಲೆ ಮೇಲ್. ಮೇಡಂಗೆ ನೇರವಾಗಿ, ಸರ್ ಮತ್ತು ಪ್ರಾಜೆಕ್ಟ್ ಮ್ಯಾನೇಜರ್‌ಗೆ ಸಿಸಿ. ಇವರ ಮೇಲಿನವರಿಗೆ ಯಾರಿಗೂ ಬೇಡ. ಪ್ಲಾಂಟ್ ಹೆಡ್‌ಗೆ ಸಿಸಿ ಹಾಕಿದ ಕೂಡಲೇ ಅದು ಕಂಪ್ಲೇಂಟ್ ಆಗುತ್ತದೆ. ಕನ್ನಡದಲ್ಲಿ ಬರೆದು ತೋರಿಸುತ್ತೇನೆ, ನಿಮ್ಮ ಆಫೀಸಿನ ಭಾಷೆಗೆ ಹಾಕಿಕೊಳ್ಳಿ.

"ಮೇಡಂ, ನಿನ್ನೆ ಫೋನಿನಲ್ಲಿ ಹೇಳಿದ ಎರಡು ವಾರ್ಷಿಕ ರಿವ್ಯೂ ಬಗ್ಗೆ ಬರೆಯುತ್ತಿದ್ದೇನೆ. 15ರವರೆಗೆ ಬ್ಯಾಚ್ ರೆಕಾರ್ಡ್ ಮತ್ತು ಡೀವಿಯೇಷನ್ ಬಿಟ್ಟು ನನ್ನ ಬಳಿ 24 ಗಂಟೆ ಇದೆ. ಅದರಲ್ಲಿ 12 ಗಂಟೆ ವ್ಯಾಲಿಡೇಷನ್ ಪ್ರೋಟೋಕಾಲ್‌ಗೆ ಬೇಕು, ಮೊದಲ ಬ್ಯಾಚ್ 18ಕ್ಕೆ ಇದೆ. 13 ಗಂಟೆ ನೀವು ಕೊಟ್ಟ ಎಸ್‌ಒಪಿ ವರ್ಗಾವಣೆಗೆ ಬೇಕು. ಎರಡೂ ರಿವ್ಯೂ ಪೂರ್ತಿ ಮಾಡಲು ಇನ್ನೂ 24 ಗಂಟೆ ಬೇಕಾಗುತ್ತದೆ, ಹಾಗಾಗಿ 15ಕ್ಕೆ ಕೊಡಲು ನನ್ನಿಂದ ಆಗುವುದಿಲ್ಲ. ಆ ಯೂನಿಟ್‌ನ ವೇಳಾಪಟ್ಟಿಯಲ್ಲಿ ಗಡುವು 30 ಅಂತ ಇದೆ. ನನ್ನ ಸಲಹೆ: ಯೂನಿಟ್‌ನವರು ಮಾಹಿತಿ ಟೇಬಲ್‌ಗಳನ್ನು 17ರೊಳಗೆ ತುಂಬಿಸಿ ಕಳಿಸಿದರೆ, ನಾನು 19ರಿಂದ ಶುರು ಮಾಡಿ 25ರೊಳಗೆ ಎರಡನ್ನೂ ಮುಗಿಸಿ ಕೊಡುತ್ತೇನೆ. 15ಕ್ಕೇ ಬೇಕು ಅಂದರೆ ಎಸ್‌ಒಪಿ ವರ್ಗಾವಣೆಯನ್ನು ಮುಂದಿನ ತಿಂಗಳಿಗೆ ತಳ್ಳಬಹುದು. ಆಗ 12 ಗಂಟೆ ಸಿಗುತ್ತದೆ, ಒಂದು ರಿವ್ಯೂ 15ಕ್ಕೆ ಆಗುತ್ತದೆ. ಯಾವುದು ಸರಿ ಅಂತ ತಿಳಿಸಿ. ಗುರುವಾರ ಸಂಜೆಯವರೆಗೆ ಬೇರೆ ಸೂಚನೆ ಬರದಿದ್ದರೆ ಮೊದಲ ಸಲಹೆಯಂತೆ ಮುಂದುವರಿಯುತ್ತೇನೆ."

ಇದರಲ್ಲಿ "ಕ್ಷಮಿಸಿ" ಇಲ್ಲ, ಆರೋಗ್ಯದ ಮಾತಿಲ್ಲ, "ಒತ್ತಡ" ಅನ್ನೋ ಮಾತಿಲ್ಲ. "ಆಗುವುದಿಲ್ಲ" ಅನ್ನೋದು ಸ್ಪಷ್ಟವಾಗಿ ಒಂದೇ ಸಲ ಬಂದಿದೆ. ಅದನ್ನು "ಕಷ್ಟ ಆಗಬಹುದು" ಅಂತ ಮೆತ್ತಗೆ ಮಾಡಬೇಡಿ. ಕಷ್ಟ ಅಂದರೆ ಮಾಡುತ್ತಾರೆ ಅಂತಲೇ ಓದಿಕೊಳ್ಳುತ್ತಾರೆ. ಎರಡನೇ ಸಲಹೆಯಲ್ಲಿ ನಾನು ಮೇಡಂ ಅವರ ಕೆಲಸವನ್ನೇ ಮೇಡಂ ಅವರ ಕೆಲಸಕ್ಕೆ ಎದುರು ಇಟ್ಟಿದ್ದೇನೆ. ಬೇರೆ ಬಾಸ್ ಕೆಲಸವನ್ನು ತಳ್ಳುತ್ತೇನೆ ಅಂತ ನೀವು ಬರೆಯೋಕೆ ಬರಲ್ಲ, ಅದು ನಿಮ್ಮ ಕೈಯಲ್ಲಿಲ್ಲ. ಮೇಡಂಗೆ ಪ್ರೋಟೋಕಾಲ್ ಹಿಂದೆ ಹೋಗಲಿ ಅನ್ನಿಸಿದರೆ ಅವರು ಪ್ರಾಜೆಕ್ಟ್ ಮ್ಯಾನೇಜರ್ ಜೊತೆ ಮಾತಾಡಲಿ. ಮೇಲ್‌ನಲ್ಲಿ ಮೂವರೂ ಇದ್ದಾರೆ, ದಾರಿ ತೆರೆದೇ ಇದೆ.

ಕೊನೆಯ ಸಾಲಿನ ಬಗ್ಗೆ ಎರಡು ಮಾತು. ಉತ್ತರ ಬರದೇ ಇರೋದೇ ಜಾಸ್ತಿ. ಆ ಸಾಲು ಇಲ್ಲದಿದ್ದರೆ ನೀವು ಕಾಯುತ್ತಾ ಕೂತಿರುತ್ತೀರಿ. 14ನೇ ತಾರೀಖು ಮೇಡಂ "ಎಲ್ಲಿಗೆ ಬಂತು?" ಅಂತ ಕೇಳುತ್ತಾರೆ. ಸಾಲು ಇದ್ದರೂ ಗುರುವಾರ ಮಧ್ಯಾಹ್ನ ಒಂದು ಫೋನ್ ಮಾಡಿ, "ಮೇಲ್ ನೋಡಿದಿರಾ ಮೇಡಂ?" ಅಂತ ಕೇಳಿ. ಮೌನವನ್ನು ಒಪ್ಪಿಗೆ ಅಂತ ಹಿಡಿಯುವ ಮೊದಲು ಒಂದು ಸಲ ಬಾಯಲ್ಲಿ ಕೇಳೋದು ಮರ್ಯಾದೆ. ನಿಮ್ಮ ಬೆನ್ನಿಗೂ ಅದೇ ಕಾವಲು.

ಈಗ ಕೆಟ್ಟ ಉತ್ತರಗಳಿಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ಬರೋದು "ಎರಡೂ ಮಾಡು, ಮ್ಯಾನೇಜ್ ಮಾಡ್ಕೋ" ಅನ್ನೋದು. ಇದಕ್ಕೆ ವಾದ ಮಾಡಬೇಡಿ. ಒಂದೇ ಪ್ರಶ್ನೆ ಕೇಳಿ: "ಪ್ರಯತ್ನ ಮಾಡುತ್ತೇನೆ ಮೇಡಂ. ಎರಡರಲ್ಲಿ ಒಂದು ತಡ ಆಗೋ ಹಾಗಾದರೆ ಯಾವುದು ತಡ ಆದರೆ ಪರವಾಗಿಲ್ಲ?" ಈ ಪ್ರಶ್ನೆಗೆ ಬಹುತೇಕ ಎಲ್ಲರೂ ಉತ್ತರ ಕೊಡುತ್ತಾರೆ. ಅದೇ ನಿಮಗೆ ಬೇಕಾದ ತೀರ್ಮಾನ. ಫೋನಿನಲ್ಲಿ ಹೇಳಿದರೆ ಎರಡು ಸಾಲಿನ ಮೇಲ್‌ನಲ್ಲಿ ವಾಪಸ್ ಬರೆಯಿರಿ: "ನೀವು ಹೇಳಿದಂತೆ ಮೊದಲು ಇದು, ತಡವಾದರೆ ಅದು."

ಇನ್ನೊಂದು, "ನೀನೇ ನೋಡ್ಕೋ" ಅಂತ ನಿಮ್ಮ ಸರ್ ಕೈ ತೊಳೆದುಕೊಳ್ಳೋದು. ಅವರಿಗೆ ಹೈದರಾಬಾದಿನ ಜೊತೆ ತಕರಾರು ಬೇಡ. ಆಗ ಅವರಿಗೆ ತಾಗುವ ತಾರೀಖನ್ನು ಮುಂದೆ ಇಡಿ: "ನಾನೇ ನೋಡ್ಕೊಂಡ್ರ 12ಕ್ಕೆ ಮುಗಿಬೇಕಾದ ಡೀವಿಯೇಷನ್ 20ಕ್ಕೆ ಹೋಗ್ತದರಿ ಸರ್, ಎಕ್ಸ್‌ಟೆನ್ಷನ್‌ಗೆ ನಿಮ್ಮ ಸೈನ್ ಬೇಕಾಗ್ತದ." ಇದು ಹೆದರಿಸೋದಲ್ಲ. ಆಗೋದನ್ನು ಮೊದಲೇ ಹೇಳೋದು. ಎಕ್ಸ್‌ಟೆನ್ಷನ್ ಮೇಲೆ ತಮ್ಮ ಹೆಸರು ಬರುತ್ತದೆ ಅಂದಾಗ ಅವರೇ ಹೈದರಾಬಾದಿಗೆ ಫೋನ್ ಮಾಡುತ್ತಾರೆ.

ಮೂರನೆಯದನ್ನು ತುಂಬಾ ಗಂಭೀರವಾಗಿ ಹೇಳುತ್ತೇನೆ. ಇಬ್ಬರೂ ಬಿಡದೇ ಇದ್ದಾಗ ಮನುಷ್ಯ ತಾನಾಗಿ ಎಲ್ಲೋ ಒಂದು ಕಡೆ ಕತ್ತರಿ ಹಾಕುತ್ತಾನೆ. ಯಾರೂ ಕೇಳದ ಕಡೆ, ಯಾರಿಗೂ ಕಾಣದ ಕಡೆ. ನಿಮ್ಮ ಕೆಲಸದಲ್ಲಿ ಅದು ಬ್ಯಾಚ್ ರೆಕಾರ್ಡ್. ಎರಡೂವರೆ ಗಂಟೆ ಓದಬೇಕಾದ್ದನ್ನು ನಲವತ್ತು ನಿಮಿಷದಲ್ಲಿ ತಿರುವಿ ಸೈನ್ ಹಾಕೋದು. ಹಿಂದಿನ ದಿನದ ಸೈನ್ ಇವತ್ತು ಹಾಕೋದು. ದಯವಿಟ್ಟು ಇದನ್ನು ಮಾಡಬೇಡಿ, ಯಾರಿಗೋಸ್ಕರವೂ ಮಾಡಬೇಡಿ. ಆ ಔಷಧಿಯನ್ನು ಯಾರೋ ಒಬ್ಬರು ನುಂಗುತ್ತಾರೆ. ಆಡಿಟ್‌ನಲ್ಲೂ ಇದು ಸಿಕ್ಕಿ ಬೀಳುತ್ತದೆ. ಒಂದೇ ಮಧ್ಯಾಹ್ನ ಐದು ರೆಕಾರ್ಡಿನ ಮೇಲೆ ಒಬ್ಬರದೇ ಸೈನ್ ಇದ್ದರೆ ಅನುಭವಿ ಆಡಿಟರ್ ಅಲ್ಲೇ ನಿಲ್ಲುತ್ತಾರೆ. ಆಗ "ಮೇಡಂ ಹೇಳಿದ್ದರು" ಅನ್ನೋ ಮಾತು ನಡೆಯಲ್ಲ, ಸೈನ್ ನಿಮ್ಮದು. ಬ್ಯಾಚ್ ಓದೋಕೆ ಕೊಡುವ ಸಮಯ ಕಮ್ಮಿ ಆಗ್ತಾ ಬಂದಿದೆ ಅಂತ ನಿಮಗೇ ಅನ್ನಿಸಿದ ದಿನ, ಹೊಸ ಕೆಲಸಕ್ಕೆ ಇಲ್ಲ ಅನ್ನುವ ಸಮಯ ಆಗಲೇ ದಾಟಿದೆ. ಅವತ್ತೇ ಸರ್ ಹತ್ತಿರ ಹೋಗಿ.

ಇದು ಒಂದು ಸಲದ ಮಾತಾಯಿತು. ತಿಂಗಳು ತಿಂಗಳೂ ಹೀಗೇ ಆಗುತ್ತಿದ್ದರೆ ಪ್ರತಿ ಸಲ ಇಷ್ಟು ಉದ್ದ ಮೇಲ್ ಬರೆಯೋಕ್ಕಾಗಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಒಂದು ಪುಟದ ಪಟ್ಟಿ ಮೂವರಿಗೂ ಹೋಗಲಿ: ಕೆಲಸ, ಕೊಟ್ಟವರು, ಬೇಕಾದ ಗಂಟೆ, ತಾರೀಖು. ಕೆಳಗೆ ಒಂದು ಅಡ್ಡಗೆರೆ ಎಳೆಯಿರಿ. ಗೆರೆಯ ಮೇಲಿರೋದು ಈ ವಾರ ಆಗುತ್ತದೆ, ಕೆಳಗಿರೋದು ಆಗಲ್ಲ. ಹೊಸ ಕೆಲಸ ಬಂದಾಗ ನೀವು ಕೇಳಬೇಕಾದ್ದು ಒಂದೇ: "ಗೆರೆಯ ಮೇಲೆ ಹಾಕಬೇಕಂದರೆ ಯಾವುದನ್ನು ಕೆಳಗೆ ಇಳಿಸಲಿ?" ಬೇರೆ ಬಾಸ್ ಕೆಲಸ ಇಳಿಸು ಅಂದರೆ, ಅವರಿಬ್ಬರೂ ಮಾತಾಡಿ ಹೇಳಲಿ. ಮೊದಲು ಎರಡು ವಾರ ಯಾರೂ ಈ ಪಟ್ಟಿ ಓದಲ್ಲ. ಕಳಿಸೋದನ್ನು ಬಿಡಬೇಡಿ. ಯಾವಾಗಲೋ ಒಂದು ಸೋಮವಾರ ತಮ್ಮ ಕೆಲಸ ಗೆರೆಯ ಕೆಳಗೆ ಕಂಡಾಗ ಓದೋಕೆ ಶುರು ಮಾಡುತ್ತಾರೆ.

ಈ ದಾರಿಗೂ ಒಂದು ಮಿತಿ ಇದೆ. ಕೆಲಸಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಕ್ರಮ ಹಚ್ಚಿದರೆ ಸರಿಹೋಗುತ್ತದೆ. ಇರುವ ಜನಕ್ಕಿಂತ ಕೆಲಸವೇ ಜಾಸ್ತಿ ಇದ್ದರೆ ಯಾವ ಕ್ರಮ ಹಚ್ಚಿದರೂ ಸರಿಹೋಗಲ್ಲ. ಎರಡನ್ನೂ ಗುರುತಿಸೋದು ಪಟ್ಟಿಯಿಂದಲೇ. ಗೆರೆಯ ಕೆಳಗಿನ ಕೆಲಸ ಮುಂದಿನ ವಾರ ಮೇಲೆ ಬಂದು ಮುಗಿಯುತ್ತಿದ್ದರೆ ಮೊದಲನೆಯದು. ಅದೇ ಕೆಲಸ ಐದಾರು ವಾರ ಕೆಳಗೇ ಉಳಿದು, ಪಟ್ಟಿ ಉದ್ದ ಆಗುತ್ತಲೇ ಹೋದರೆ ಎರಡನೆಯದು. ಆಗ ಆ ಐದಾರು ಸೋಮವಾರದ ಪಟ್ಟಿಗಳನ್ನು ಜೋಡಿಸಿ ಸರ್ ಮುಂದೆ ಇಡಿ. ಇನ್ನೊಬ್ಬರನ್ನು ತೆಗೆದುಕೊಳ್ಳಬೇಕು ಅಂತ ಪ್ಲಾಂಟ್ ಹೆಡ್ ಹತ್ತಿರ ಕೇಳೋಕೆ ಅವರಿಗೂ ಅದೇ ಕಾಗದ ಬೇಕು.

ಸದ್ಯಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಇವತ್ತು ಆ ಯೂನಿಟ್‌ನ ಕ್ಯೂಎಗೆ ಫೋನ್ ಮಾಡಿ ನಿಜವಾದ ಗಡುವು ತಿಳಿದುಕೊಳ್ಳಿ. ಟೇಬಲ್ ತುಂಬಿಸಿ ಕೊಡೋಕೆ ಅಲ್ಲಿ ಯಾರಿದ್ದಾರೆ ಅಂತ ಕೇಳಿ, ಅವರ ಹೆಸರು ಬರೆದುಕೊಳ್ಳಿ. ಆ ಎರಡು ಉತ್ತರ ಕೈಯಲ್ಲಿ ಹಿಡಿದು ಸರ್ ಕ್ಯಾಬಿನ್‌ಗೆ ಹೋಗಿ.